ಕ್ಲೈಂಟ್ ಎಲ್ಲ ಹೆಸರಿಗೂ ‘ಬೇಡ’ ಅಂದರೆ ಮುಂದಿನ ಸುತ್ತು ಹೇಗಿರಬೇಕು?

ಪ್ರಶ್ನೆ: ಪುಣೆಯಲ್ಲಿ ಫ್ರೀಲಾನ್ಸ್ ಆಗಿ ಬ್ರ್ಯಾಂಡ್ ಹೆಸರು ಬರೆದುಕೊಡುತ್ತೇನೆ. ಒಬ್ಬ ಕ್ಲೈಂಟ್‌ಗೆ ಮೂರು ಸಲ ಶಾರ್ಟ್‌ಲಿಸ್ಟ್ ಕಳಿಸಿದೆ. ಪ್ರತಿ ಸಲ ‘ಇದು ಬೇಡ, ಬೇರೆ ತೋರಿಸಿ’ ಅಷ್ಟೇ ಉತ್ತರ. ಯಾಕೆ ಅಂದರೆ ‘ಏನೋ ಕೂರ್ತಾ ಇಲ್ಲ’ ಅಂತಾರೆ. ನಾಲ್ಕನೇ ಸುತ್ತಿಗೆ ಏನು ಮಾಡಲಿ?

ಸದ್ಯಕ್ಕೆ ಹೊಸ ಹೆಸರು ಹುಡುಕುವುದನ್ನು ನಿಲ್ಲಿಸಿ. ಇಲ್ಲಿಯವರೆಗೆ ಕೊಟ್ಟ ಅಷ್ಟೂ ಹೆಸರನ್ನು ಒಂದೇ ಶೀಟ್‌ಗೆ ಹಾಕಿ. ಒಂದೋ ಎರಡೋ ಹೆಸರು ಬಿದ್ದಿದ್ದರೆ ಅದು ಆ ಹೆಸರಿನ ತೊಂದರೆ. ಎಲ್ಲವೂ ಬಿದ್ದಿವೆ ಅಂದರೆ ಎಲ್ಲದರಲ್ಲೂ ಸಮನಾಗಿ ಇರುವ ಯಾವುದೋ ಒಂದು ಅವರಿಗೆ ಬೇಡವಾಗಿದೆ. ಆ ‘ಸಮನಾಗಿ ಇರುವುದು’ ಬಹಳ ಸಲ ಅವರೇ ಕೊಟ್ಟ ಬ್ರೀಫ್‌ನಿಂದ ಬಂದಿರುತ್ತದೆ. ಅದಕ್ಕೇ ಅವರಿಗೆ ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ತಾವೇ ಕೇಳಿದ್ದನ್ನು ತಾವೇ ಬೇಡ ಅನ್ನುವುದು ಯಾರಿಗಾದರೂ ಕಷ್ಟ ಅಲ್ವಾ?

ಶೀಟ್‌ನಲ್ಲಿ ಪ್ರತಿ ಹೆಸರಿನ ಮುಂದೆ ನಾನು ನಾಲ್ಕು ವಿಷಯ ಬರೆದುಕೊಳ್ಳುತ್ತೇನೆ. ಒಂದು, ಹೆಸರು ಯಾವುದರ ಬಗ್ಗೆ ಹೇಳುತ್ತದೆ: ಸರಕಿನ ಬಗ್ಗೆಯೋ, ಊರಿನ ಬಗ್ಗೆಯೋ, ಮನುಷ್ಯರ ಬಗ್ಗೆಯೋ, ಅಥವಾ ಸುಮ್ನೆ ಕಟ್ಟಿದ ಶಬ್ದವೋ. ಎರಡು, ಯಾವ ಭಾಷೆಯದು ಅನ್ನಿಸುತ್ತದೆ. ಮೂರು, ಬಾಯಲ್ಲಿ ಹೇಗಿದೆ: ಎಷ್ಟು ಅಕ್ಷರ, ಒತ್ತಕ್ಷರ ಇದೆಯಾ, ಕೊನೆ ಹೇಗಾಗುತ್ತದೆ. ನಾಲ್ಕು, ಹೆಸರು ಕೇಳಿದವರು ಎಷ್ಟು ದೊಡ್ಡ ವ್ಯಾಪಾರ ಅಂದುಕೊಳ್ಳುತ್ತಾರೆ. ಈ ನಾಲ್ಕನೆಯದನ್ನು ತುಂಬಾ ಜನ ಬರೆಯುವುದೇ ಇಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಹೆಸರು ಬೀಳುವುದು ಅಲ್ಲೇ.

ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಬೇಡ ಅಂದವರು ಯಾರು, ಎಷ್ಟು ಬೇಗ ಅಂದರು. ಲಿಸ್ಟ್ ಕಳಿಸಿದ ಹತ್ತು ನಿಮಿಷಕ್ಕೆ ಬಂದ ‘ಬೇಡ’ ಮತ್ತು ನಾಲ್ಕು ದಿನ ಬಿಟ್ಟು ಬಂದ ‘ಬೇಡ’ ಒಂದೇ ಅಲ್ಲ. ತಡವಾಗಿ ಬಂದರೆ ಮಧ್ಯೆ ಯಾರದೋ ಮನೆಯಲ್ಲಿ ಮಾತುಕತೆ ಆಗಿದೆ ಅಂತ ಅರ್ಥ. ಅಂದರೆ ನೀವು ಇನ್ನೂ ನೋಡದ ಒಬ್ಬರು ಅಲ್ಲಿದ್ದಾರೆ.

ಒಂದು ಕೆಲಸದ ಕಥೆ ಹೇಳಿದರೆ ಇದೆಲ್ಲ ಸರಿಯಾಗಿ ತಿಳಿಯುತ್ತದೆ. ಕುಂದಾಪುರದ ಕಡೆಯ ಕುಟುಂಬ, ಪುಣೆಯಲ್ಲಿ ಬಹಳ ವರ್ಷದಿಂದ ಹೋಟೆಲ್. ಅಣ್ಣ ತಮ್ಮ ಇಬ್ಬರೂ ಸೇರಿ ಚಟ್ನಿಪುಡಿ, ಸಾರಿನ ಪುಡಿ, ಸಾಂಬಾರ್ ಪುಡಿ ಪ್ಯಾಕೆಟ್ ಮಾಡಿ ಮಾರಲು ಹೊರಟಿದ್ದರು. ಬ್ರೀಫ್ ಕೊಟ್ಟವರು ತಮ್ಮ. ಅವರ ಮಾತಿನಲ್ಲೇ ಹೇಳುವುದಾದರೆ ‘ನಮ್ಮ ಕಡೆಯ ಹಳೇ ರುಚಿ, ಮನೆ ಅಡುಗೆ ಥರ, ಕೇಳಿದ ಕೂಡಲೇ ಬಾಯಲ್ಲಿ ನೀರು ಬರಬೇಕು’. ಸರಿ, ನಾನು ಕೊಟ್ಟ ಹೆಸರುಗಳೂ ಹಾಗೇ ಇದ್ದವು: ಒರಳು, ಘಮ, ಕಣಜ, ಬಾಳೆಲೆ, ಒಗ್ಗರಣೆ, ಇದೇ ಜಾತಿಯವು. ಮೊದಲ ಸುತ್ತು ಪೂರ್ತಿ ಬಿತ್ತು. ಎರಡನೆಯದೂ ಬಿತ್ತು. ಕಾರಣ? ‘ಪಂಚ್ ಇಲ್ಲ ಮಾರಾಯ್ರೆ.’

ಪಂಚ್ ಇಲ್ಲ, ಕ್ಯಾಚಿ ಇಲ್ಲ, ಕೂರ್ತಾ ಇಲ್ಲ. ಈ ಮೂರೂ ಕಾರಣವಲ್ಲ, ಬರೀ ‘ಬೇಡ’ ಅನ್ನುವುದಕ್ಕೆ ಹಾಕಿದ ಬೇರೆ ಬೇರೆ ಅಂಗಿ. ಇದನ್ನು ನಂಬಿ ಇನ್ನಷ್ಟು ‘ಪಂಚ್’ ಇರುವ ಹೆಸರು ಹುಡುಕಲು ಹೋದರೆ ಸುತ್ತು ಮುಗಿಯುವುದೇ ಇಲ್ಲ. ಹಾಗಂತ ‘ಯಾಕೆ ಇಷ್ಟ ಆಗಲಿಲ್ಲ’ ಅಂತ ಒತ್ತಿ ಕೇಳಬೇಡಿ. ಒತ್ತಿದರೆ ಜನ ಅಲ್ಲೇ ಒಂದು ಕಾರಣ ಹುಟ್ಟಿಸಿ ಕೊಡುತ್ತಾರೆ. ಆಮೇಲೆ ಅದನ್ನೇ ಸಮರ್ಥಿಸಿಕೊಳ್ಳುತ್ತಾರೆ. ಆಗ ನೀವು ಇಲ್ಲದ ಕಾರಣದ ಹಿಂದೆ ಓಡುತ್ತೀರಿ.

ಶೀಟ್ ತುಂಬಿದ ಮೇಲೆ ನೋಡಿದರೆ, ಹೆಚ್ಚುಕಮ್ಮಿ ಎಲ್ಲ ಹೆಸರೂ ಅಡುಗೆಮನೆಯದೇ. ಎಲ್ಲವೂ ಕನ್ನಡದ್ದೇ. ನಾಲ್ಕನೇ ಕಾಲಂನಲ್ಲಿ ಎಲ್ಲದರ ಮುಂದೆಯೂ ‘ಚಿಕ್ಕದು, ಮನೆಯಲ್ಲಿ ಮಾಡಿದ್ದು’. ಇದರಲ್ಲಿ ಯಾವುದು ಬೇಡವಾಗಿದೆ ಅಂತ ಈ ಶೀಟ್‌ನಿಂದ ತಿಳಿಯುವುದಿಲ್ಲ, ಯಾಕಂದರೆ ಮೂರೂ ಒಟ್ಟಿಗೇ ಬಂದಿವೆ. ಮೂರನ್ನೂ ಬೇರೆ ಮಾಡುವ ಸುತ್ತು ಬೇಕು. ಆ ಸುತ್ತಿನಿಂದ ಹೆಸರು ಸಿಗಬೇಕು ಅಂತಲೇ ಇಲ್ಲ, ಯಾವ ಕಡೆ ಹೋಗಬೇಕು ಅಂತ ಗೊತ್ತಾದರೆ ಸಾಕು.

ಅದಕ್ಕೆ ಹೆಸರು ಆರಿಸುವ ರೀತಿಯೇ ಬೇರೆ. ಎಂಟು ಸಾಕು, ಆದರೆ ಒಂದಕ್ಕಿಂತ ಒಂದು ದೂರ ಇರಬೇಕು. ಅಡುಗೆಮನೆಯ ಕನ್ನಡ ಹೆಸರು ಒಂದು, ಅಡುಗೆಮನೆಯದೇ ಆದರೆ ಮರಾಠಿಯವರಿಗೂ ಗೊತ್ತಿರುವ ಹೆಸರು ಒಂದು. ಕನ್ನಡದ್ದೇ ಆದರೆ ಅಡುಗೆಗೆ ಸಂಬಂಧವಿಲ್ಲದ್ದು ಒಂದು. ಮನೆತನದ ಹೆಸರಿನ ಥರದ್ದು ಒಂದು, ಊರಿನದು ಒಂದು. ಅರ್ಥವೇ ಇಲ್ಲದ ಕಟ್ಟಿದ ಶಬ್ದ ಒಂದು. ಇದರ ಜೊತೆ ಎರಡನ್ನು ಖಂಡಿತ ಸೇರಿಸಿ. ಒಂದು, ಮೊದಲೇ ಬಿದ್ದಿರುವ ಹಳೇ ಹೆಸರು. ‘ಇದು ಹೋದ ಸಲದ್ದು, ಹೋಲಿಸಿ ನೋಡಲಿ ಅಂತ ಇಟ್ಟಿದ್ದೇನೆ’ ಅಂತ ನೇರವಾಗಿ ಹೇಳಿಬಿಡಿ. ಕದ್ದು ಸೇರಿಸಿದರೆ ನಂಬಿಕೆ ಹೋಗುತ್ತದೆ. ಇನ್ನೊಂದು, ಅವರು ಮನೆಯೊಳಗೆ ಈಗ ಆ ವ್ಯಾಪಾರವನ್ನು ಏನಂತ ಕರೆಯುತ್ತಾರೋ ಅದು. ಲೆಕ್ಕದ ಪುಸ್ತಕದಲ್ಲಿ, ವಾಟ್ಸಾಪ್ ಗ್ರೂಪ್‌ಗೆ ಏನೋ ಒಂದು ಹೆಸರು ಇದ್ದೇ ಇರುತ್ತದೆ. ಎಷ್ಟೋ ಸಲ ಕ್ಲೈಂಟ್‌ಗೆ ಗೊತ್ತಿಲ್ಲದೇ ಆ ಹೆಸರಿನ ಮೇಲೆ ಮನಸ್ಸು ಕೂತಿರುತ್ತದೆ. ಉಳಿದದ್ದನ್ನೆಲ್ಲ ಅದರ ಜೊತೆ ಹೋಲಿಸಿ ಬೇಡ ಅನ್ನುತ್ತಿರುತ್ತಾರೆ.

ಇದನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಎದುರು ಕೂತು ಮಾಡಿ. ಮಧ್ಯಾಹ್ನದ ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ಮುಂಚೆ, ಹೋಟೆಲ್ ಖಾಲಿ ಇರುವಾಗ ಕೂತೆವು. ಪೋಸ್ಟ್‌ಕಾರ್ಡ್ ಅಳತೆಯ ಬಿಳಿ ಕಾರ್ಡ್, ಒಂದರಲ್ಲಿ ಒಂದೇ ಹೆಸರು. ಮೇಲೆ ದೇವನಾಗರಿ ದೊಡ್ಡದಾಗಿ, ಕೆಳಗೆ ಇಂಗ್ಲಿಷ್ ಅಕ್ಷರ. ಎಲ್ಲಕ್ಕೂ ಒಂದೇ ಫಾಂಟ್, ಕಪ್ಪು ಬಣ್ಣ. ಲೋಗೋ, ಬಣ್ಣ, ಚಿತ್ರ ಏನೂ ಬೇಡ. ಚೆಂದದ ಲೋಗೋ ಹಾಕಿದರೆ ಅವರು ಹೇಳುವ ಅಭಿಪ್ರಾಯ ಲೋಗೋದ ಮೇಲೆ ಬರುತ್ತದೆ.

ದೇವನಾಗರಿ ಯಾಕೆ ಅಂದರೆ, ಮಹಾರಾಷ್ಟ್ರದಲ್ಲಿ ಅಂಗಡಿಯ ಬೋರ್ಡ್ ಮರಾಠಿಯಲ್ಲಿ ಇರಲೇಬೇಕು, ಬೇರೆ ಲಿಪಿಯ ಅಕ್ಷರಕ್ಕಿಂತ ಚಿಕ್ಕದಿರಬಾರದು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, 2023ರಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವನ್ನೂ ಕೊಟ್ಟಿತ್ತು. ಪ್ಯಾಕೆಟ್‌ಗೆ ಈ ನಿಯಮ ಇಲ್ಲ, ಆದರೆ ಪ್ಯಾಕೆಟ್ ಮಾರುವ ಕಿರಾಣಿ ಅಂಗಡಿಯವರು, ಹಿಡಿದು ನೋಡುವ ಗಿರಾಕಿ, ಎಲ್ಲರೂ ಆ ಲಿಪಿಯಲ್ಲೇ ಓದುವವರು. ಕನ್ನಡದ ಹೆಸರು ಅಲ್ಲಿ ಕೆಲವೊಮ್ಮೆ ಬೇರೆಯೇ ಆಗಿಬಿಡುತ್ತದೆ. ಮರಾಠಿ ಬರವಣಿಗೆಯಲ್ಲಿ ನಮ್ಮ ಹಾಗೆ ಹ್ರಸ್ವ ಎ, ಒ ಬೇರೆ ಇಲ್ಲ. ‘ಒಲೆ’ ಅಂತ ಬರೆದರೆ ಅವರು ‘ಓಲೇ’ ಅಂತ ಓದುತ್ತಾರೆ, ಅಂದರೆ ಒದ್ದೆ. ಚಟ್ನಿಪುಡಿಯ ಪ್ಯಾಕೆಟ್ ಮೇಲೆ ‘ಒದ್ದೆ’ ಅಂತ ಬರೆದರೆ ಯಾರು ತಗೋತಾರೆ? ಕಾರ್ಡ್ ಬರೆಯುವಾಗಲೇ ಅದು ಬಿತ್ತು, ಕ್ಲೈಂಟ್‌ನವರೆಗೆ ಹೋಗಲೇ ಇಲ್ಲ.

ಈಗ ಮುಖ್ಯವಾದ ಕೆಲಸ. ಇಷ್ಟವೋ ಇಲ್ಲವೋ ಅಂತ ಕೇಳದೆ, ಕಾರ್ಡ್‌ಗಳನ್ನು ಮೂರು ಗುಂಪು ಮಾಡಲು ಹೇಳಿ. ‘ಯಾರಿಗೂ ಬೇಡ’, ‘ಬೇರೆಯವರದಾಗಿದ್ದರೆ ಸರಿ, ನಮ್ಮದಲ್ಲ’, ‘ಇರಲಿ, ನೋಡೋಣ’. ಒಬ್ಬರು ಮಾಡುವಾಗ ಇನ್ನೊಬ್ಬರು ನೋಡಬಾರದು. ಮನೆಯ ದೊಡ್ಡವರು ಮೊದಲು ಮಾತಾಡಿದರೆ ಚಿಕ್ಕವರು ತಮ್ಮ ಅಭಿಪ್ರಾಯ ನುಂಗಿಕೊಳ್ಳುತ್ತಾರೆ. ಹಾಗಾಗಿ ತಮ್ಮ ಮೊದಲು ಮಾಡಿದರು, ನಾನು ಫೋಟೋ ತೆಗೆದುಕೊಂಡೆ. ಆಮೇಲೆ ಕಾರ್ಡ್ ಕಲೆಸಿ ಅಣ್ಣನಿಗೆ ಕೊಟ್ಟೆ.

ನಿಮಗೆ ಬೇಕಾದದ್ದು ಇರುವುದು ನಡುವಿನ ಗುಂಪಿನಲ್ಲಿ. ‘ಬೇಡ’ ಅಂದ ಹೆಸರಿನ ಬಗ್ಗೆ ಯಾರಿಗೂ ಮಾತಾಡಲು ಇಷ್ಟವಿರುವುದಿಲ್ಲ. ಬೇರೆಯವರ ಬಗ್ಗೆ ಮಾತಾಡು ಅಂದರೆ ಮಾತು ತಾನಾಗಿ ಬರುತ್ತದೆ. ಅಣ್ಣನ ನಡುವಿನ ಗುಂಪಿನಲ್ಲಿ ‘ಒರಳು’ ಇತ್ತು. ನಾನು ಕೇಳಿದ್ದು ಇಷ್ಟೇ: ‘ಇದು ಯಾರದಾಗಿದ್ದರೆ ಸರಿ, ಅಣ್ಣ?’

ಅವರು ಕಾರ್ಡ್ ಎತ್ತಿ ನೋಡಿದರು. ‘ಇದು ಮನೆಯಲ್ಲಿ ಮಾಡಿ ಮಾರುವ ಹೆಂಗಸರಿಗೆ ಸರಿ. ಒಳ್ಳೇ ಹೆಸರೇ. ಆದರೆ ನಾವು ಲೋನ್ ತಗೊಂಡು ಮಷೀನ್ ಹಾಕಿದ್ದೇವೆ. ಈ ಹೆಸರು ಇಟ್ಟುಕೊಂಡು ಹೋದರೆ ಕ್ಯಾಟರಿಂಗ್‌ನವನು ನಮಗೆ ಐವತ್ತು ಕೇಜಿ ಆರ್ಡರ್ ಕೊಡ್ತಾನಾ?’

ತಮ್ಮ ಅಲ್ಲೇ ಗಲ್ಲೆಯ ಹತ್ತಿರ ನಿಂತಿದ್ದರು. ‘ಕ್ಯಾಟರಿಂಗಾ? ನಾವು ಅಂಗಡಿಗೆ ಹಾಕೋದು ಅಂತ ತಾನೇ ಮಾತಾಗಿದ್ದು?’ ಅಂದರು.

ಅಲ್ಲಿಗೆ ವಿಷಯ ಗೊತ್ತಾಯಿತು. ತಮ್ಮನ ತಲೆಯಲ್ಲಿ ಇದ್ದದ್ದು ಇನ್ನೂರು ಗ್ರಾಂ ಪ್ಯಾಕೆಟ್, ಕಿರಾಣಿ ಅಂಗಡಿ, ಮನೆ ಹೆಂಗಸರು. ಅಣ್ಣನ ತಲೆಯಲ್ಲಿ ಇದ್ದದ್ದು ಐದು ಕೇಜಿ ಚೀಲ, ಬೇರೆ ಹೋಟೆಲ್‌ಗಳು, ಕ್ಯಾಟರಿಂಗ್‌ನವರು. ಬ್ರೀಫ್ ತಮ್ಮನದು, ಕೊನೆಯ ಮಾತು ಅಣ್ಣನದು. ಅಣ್ಣನಿಗೆ ಹೆಸರುಗಳು ಚಿಕ್ಕದಾಗಿ ಕೇಳಿಸುತ್ತಿದ್ದವು. ಆದರೆ ‘ಚಿಕ್ಕದು’ ಅಂದರೆ ತಮ್ಮನ ಯೋಜನೆಯೇ ಬೇಡ ಅಂದ ಹಾಗೆ. ಅದಕ್ಕೆ ‘ಪಂಚ್ ಇಲ್ಲ’ ಅಂದರು. ಇನ್ನೂ ಹತ್ತು ಸುತ್ತು ಮಾಡಿದರೂ ಹೆಸರು ಸಿಗುತ್ತಿರಲಿಲ್ಲ.

ಅವರ ವ್ಯಾಪಾರ ಯಾವ ಕಡೆ ಹೋಗಬೇಕು ಅಂತ ತೀರ್ಮಾನ ಮಾಡುವುದು ನಮ್ಮ ಕೆಲಸ ಅಲ್ಲ. ಆ ದಿನ ನಾನು ಅಲ್ಲಿಂದ ಎದ್ದು ಬಂದೆ. ಅವರು ಮನೆಯಲ್ಲಿ ಮಾತಾಡಿ, ಮೊದಲು ಅಂಗಡಿಗೆ, ಹೋಟೆಲ್ ಸಪ್ಲೈ ಆಮೇಲೆ, ಎರಡಕ್ಕೂ ಒಂದೇ ಹೆಸರು ಅಂತ ಹೇಳಿ ಕಳಿಸಿದರು. ಆಗ ಹೊಸ ಬ್ರೀಫ್ ಅನ್ನು ನಾನೇ ಮೂರು ಸಾಲಿನಲ್ಲಿ ಬರೆದೆ: ‘ಮನೆಯಲ್ಲಿ ಮಾಡಿದ್ದು ಅನ್ನಿಸಬಾರದು. ಮರಾಠಿ ಅಂಗಡಿಯವರು ಫೋನಿನಲ್ಲಿ ಒಂದೇ ಸಲಕ್ಕೆ ಹೇಳಬೇಕು, ಕೇಳಬೇಕು. ದಕ್ಷಿಣದ್ದು ಅಂತ ಗೊತ್ತಾದರೆ ಸಾಕು, ಕನ್ನಡ ಶಬ್ದವೇ ಆಗಬೇಕಿಲ್ಲ.’ ಇದನ್ನು ಇಬ್ಬರಿಗೂ ಒಂದೇ ಗ್ರೂಪ್‌ನಲ್ಲಿ ಕಳಿಸಿ, ಇಬ್ಬರಿಂದಲೂ ‘ಓಕೆ’ ಬರುವವರೆಗೆ ಒಂದು ಹೆಸರನ್ನೂ ಬರೆಯಲಿಲ್ಲ. ನೀವೂ ಹಾಗೇ ಮಾಡಿ. ಒಬ್ಬರ ಓಕೆ ಸಾಲದು.

ಮುಂದಿನ ಸುತ್ತಿನಲ್ಲಿ ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಿ. ಏಳೆಂಟು ಹೆಸರನ್ನು ಒಟ್ಟಿಗೆ ಹರಡಿದರೆ ಮತ್ತೆ ಎಲ್ಲವನ್ನೂ ಒಟ್ಟಿಗೇ ಬೇಡ ಅನ್ನುವುದು ಸುಲಭ. ಎರಡೆರಡಾಗಿ ಇಡಿ. ‘ಈ ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಲೇಬೇಕು ಅಂದರೆ ಯಾವುದು?’ ಗೆದ್ದದ್ದನ್ನು ಮುಂದಿನದರ ಜೊತೆ ಇಡಿ. ಇಲ್ಲಿ ಗೆದ್ದ ಹೆಸರೇ ಒಳ್ಳೆಯದು ಅಂತ ಅರ್ಥವಲ್ಲ, ಆದರೆ ಆರಿಸುವಾಗ ಅವರು ತಾವಾಗಿಯೇ ಕಾರಣ ಹೇಳುತ್ತಾರೆ. ‘ಇದು ಸ್ವಲ್ಪ ಉದ್ದ ಆಯ್ತು’, ‘ಇದು ಔಷಧಿ ಥರ ಇದೆ’. ಇಂಥವನ್ನೇ ಬರೆದುಕೊಳ್ಳಿ. ಹೋಲಿಸುವಾಗ ಬಂದ ಕಾರಣ ‘ಯಾಕೆ’ ಅಂತ ಕೇಳಿದಾಗ ಬಂದ ಕಾರಣಕ್ಕಿಂತ ನಂಬಬಹುದಾದದ್ದು.

ಜೊತೆಗೆ ಪ್ರತಿ ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿ. ‘ಹಲೋ, ನಾವು ಇಂಥಾ ಕಡೆಯಿಂದ, ಮಾಲು ನಾಳೆ ಬರುತ್ತದೆ’ ಅನ್ನುವ ಒಂದು ವಾಕ್ಯವನ್ನು ಮರಾಠಿಯಲ್ಲಿ ಹೇಳಲಿ. ಅಣ್ಣ ಹಾಗೆ ಹೇಳುತ್ತಾ ಒಂದು ಹೆಸರಿನ ಹತ್ತಿರ ಎರಡು ಸಲ ತಡವರಿಸಿದರು, ಮೂರನೇ ಸಲ ತಾವೇ ಕಾರ್ಡ್ ಪಕ್ಕಕ್ಕೆ ಇಟ್ಟರು. ನಾನು ಏನೂ ಹೇಳಬೇಕಾಗಲಿಲ್ಲ. ಇದೇ ಸುತ್ತಿನಲ್ಲಿ ಎರಡನೇ ಲಿಸ್ಟ್‌ನಲ್ಲಿ ಬಿದ್ದಿದ್ದ ಒಂದು ಹೆಸರು ಮತ್ತೆ ಎದ್ದು ಬಂತು, ಕೊನೆಯ ಮೂರರಲ್ಲಿ ನಿಂತಿತು. ಹಾಗಾಗಿ ಬಿದ್ದ ಹೆಸರನ್ನು ಅಳಿಸಬೇಡಿ. ಬ್ರೀಫ್ ಬದಲಾದರೆ ಅವುಗಳ ಬೆಲೆಯೂ ಬದಲಾಗುತ್ತದೆ.

ಟ್ರೇಡ್‌ಮಾರ್ಕ್ ಯಾವಾಗ ನೋಡಬೇಕು? ಕಾರ್ಡ್ ಮಾಡುವ ಮುಂಚೆ ಒಂದು ಮೇಲ್ನೋಟ, ಕೊನೆಯ ಮೂರಕ್ಕೆ ಸರಿಯಾದ ಹುಡುಕಾಟ. ಮಸಾಲೆ, ಚಟ್ನಿಪುಡಿಗೆ ಕ್ಲಾಸ್ 30, ಹೋಟೆಲ್‌ಗೆ ಕ್ಲಾಸ್ 43. ರಿಜಿಸ್ಟ್ರಿಯ ಪಬ್ಲಿಕ್ ಸರ್ಚ್‌ನಲ್ಲಿ Wordmark ಒಂದೇ ನೋಡಿ ಬಿಡಬೇಡಿ, Phonetic ಕೂಡ ಹಾಕಿ. ಸ್ಪೆಲಿಂಗ್ ಬೇರೆ ಇದ್ದರೂ ಕೇಳಲು ಒಂದೇ ಥರ ಇದ್ದರೆ ತಕರಾರು ಬರುತ್ತದೆ. ನಮ್ಮ ಮೂರರಲ್ಲಿ ಒಂದು ಹೀಗೇ ಹೋಯಿತು. ಇನ್ನೊಂದು ಸರಕಿನ ಗುಣವನ್ನೇ ನೇರವಾಗಿ ಹೇಳುವ ಹೆಸರು. ಅಂಥದ್ದಕ್ಕೆ 1999ರ ಕಾಯ್ದೆಯ ಸೆಕ್ಷನ್ 9ರಲ್ಲಿ ಆಕ್ಷೇಪ ಬರುವುದು ಸಾಮಾನ್ಯ. ಉಳಿದದ್ದು ಒಂದು. ಅದು ಅವರದು, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಫೈಲ್ ಮಾಡುವ ಮುಂಚೆ ವಕೀಲರಿಗೆ ತೋರಿಸಿ, ನಮ್ಮ ಹುಡುಕಾಟ ಬರೀ ಜರಡಿ ಹಿಡಿಯುವುದಕ್ಕೆ.

ಇನ್ನೊಂದು ಕಾರಣ ನಮ್ಮ ಕಡೆ ತುಂಬಾ ಇದೆ, ಆದರೆ ಯಾರೂ ಮೊದಲಿಗೆ ಹೇಳುವುದಿಲ್ಲ: ಜ್ಯೋತಿಷಿಗಳು, ನ್ಯೂಮರಾಲಜಿ. ಹೆಸರು ಇಂಥ ಅಕ್ಷರದಿಂದಲೇ ಶುರುವಾಗಬೇಕು, ಇಂಗ್ಲಿಷ್ ಅಕ್ಷರಗಳ ಲೆಕ್ಕ ಇಷ್ಟಕ್ಕೇ ಬರಬೇಕು. ‘ಇವನು ನಗುತ್ತಾನೇನೋ’ ಅಂತ ಕ್ಲೈಂಟ್ ಬಚ್ಚಿಡುತ್ತಾರೆ. ನಿಮ್ಮ ಶೀಟ್‌ನಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಹೆಸರು ಮಾತ್ರ ಸ್ವಲ್ಪ ತಡವಾಗಿ ಬಿದ್ದಿದ್ದರೆ ಅನುಮಾನ ಪಡಿ. ಕೇಳುವುದಾದರೆ ಹೀಗೆ ಕೇಳಿ: ‘ಕೊನೆಗೆ ಸ್ಪೆಲಿಂಗ್ ಯಾರಿಗಾದರೂ ತೋರಿಸುವ ಪದ್ಧತಿ ಇದೆಯಾ? ಇದ್ದರೆ ಮೊದಲೇ ಹೇಳಿ, ಅದಕ್ಕೆ ತಕ್ಕ ಹಾಗೆ ಆರಿಸಿ ತರುತ್ತೇನೆ.’ ಪದ್ಧತಿ ಅಂದ ಕೂಡಲೇ ಅವರಿಗೆ ಹಗುರ ಆಗುತ್ತದೆ. ಈ ಕೆಲಸದಲ್ಲೂ ತಾಯಿಯವರು ಒಬ್ಬರಿಗೆ ತೋರಿಸಿದರು, ಕೊನೆಯಲ್ಲಿ ಇಂಗ್ಲಿಷಿನ a ಇನ್ನೊಂದು ಸೇರಿತು. ಮೊದಲೇ ಗೊತ್ತಿದ್ದರಿಂದ ಡೊಮೇನ್ ಅಲ್ಲಿಯವರೆಗೆ ಕೊಂಡಿರಲಿಲ್ಲ.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಅಷ್ಟು ದೂರ ದೂರದ ಎಂಟು ಹೆಸರೂ ಒಂದೇ ನಿಮಿಷದಲ್ಲಿ ‘ಯಾರಿಗೂ ಬೇಡ’ ಗುಂಪಿಗೆ ಹೋಗಿ, ನಡುವಿನ ಗುಂಪು ಖಾಲಿ ಉಳಿದರೆ ತೊಂದರೆ ಹೆಸರಿನಲ್ಲಿ ಇಲ್ಲ. ಆಗ ಬೇರೆ ಗುರುತು ನೋಡಿ. ಶುರು ಮಾಡುವ ತಾರೀಖು ಇದೆಯಾ? ಪ್ಯಾಕೆಟ್ ಪ್ರಿಂಟ್ ಮಾಡುವವರ ಜೊತೆ ಮಾತಾಗಿದೆಯಾ? ಟ್ರೇಡ್‌ಮಾರ್ಕ್ ಖರ್ಚು ಎಷ್ಟು ಅಂತ ಒಂದು ಸಲವಾದರೂ ಕೇಳಿದ್ದಾರಾ? ಮೂರಕ್ಕೂ ಇಲ್ಲ ಅಂದರೆ ಅವರ ಕೆಲಸವೇ ಎಲ್ಲೋ ನಿಂತಿದೆ. ದುಡ್ಡು ಬಂದಿಲ್ಲದಿರಬಹುದು, ಪಾಲುದಾರರು ಹಿಂದೆ ಸರಿದಿರಬಹುದು. ನಿಮ್ಮ ಹತ್ತಿರ ಹೆಸರು ತರಿಸುತ್ತಾ ಇದ್ದರೆ ಏನೋ ನಡೆಯುತ್ತಿದೆ ಅಂತ ಅವರಿಗೇ ಅನ್ನಿಸುತ್ತದೆ.

ಅಂಥ ಕಡೆ ನಾನು ಜಗಳ ಆಡುವುದಿಲ್ಲ, ಇಂಥ ಒಂದು ಮೇಲ್ ಕಳಿಸುತ್ತೇನೆ: ‘ಒಪ್ಪಿದ ಮೂರು ಸುತ್ತು ಮುಗಿದಿವೆ. ಇಲ್ಲಿಯವರೆಗಿನ ಎಲ್ಲ ಹೆಸರುಗಳ ಶೀಟ್ ಜೊತೆಗಿದೆ. ಯಾರಿಗೆ ಮಾರುವುದು, ಎಲ್ಲಿ ಮಾರುವುದು, ಕೊನೆಯ ಮಾತು ಯಾರದು, ಈ ಮೂರಕ್ಕೆ ಬರಹದಲ್ಲಿ ಉತ್ತರ ಬಂದ ಮೇಲೆ ಮುಂದಿನ ಸುತ್ತು, ಅದಕ್ಕೆ ಬೇರೆ ಫೀಸ್.’ ನಿಮ್ಮ ಒಪ್ಪಂದದಲ್ಲಿ ಸುತ್ತಿನ ಲೆಕ್ಕ ಬರೆದಿಲ್ಲದಿದ್ದರೆ ಫೀಸ್‌ನ ಮಾತನ್ನು ಈ ಸಲ ಬಿಡಿ, ಮೂರು ಪ್ರಶ್ನೆ ಮಾತ್ರ ಕಳಿಸಿ. ಆ ಮೂರಕ್ಕೆ ಉತ್ತರ ಬರುವ ಮುಂಚೆ ಇನ್ನೊಂದು ಲಿಸ್ಟ್ ಮಾತ್ರ ಕಳಿಸಬೇಡಿ.